ಕೊನೆಯ ಕಾಗದ ಯಾವುದು ಸ್ವಾಮಿ?

ಐಟಿಯಲ್ಲಿ ಸಪೋರ್ಟ್ ಕೆಲಸ ಮಾಡಿದವರಿಗೆಲ್ಲ ಒಂದು ಹಳೇ ಕಳ್ಳಾಟ ಗೊತ್ತಿರುತ್ತೆ. ಕಸ್ಟಮರ್ ಟಿಕೆಟ್ ಹಾಕಿದ ಕೂಡಲೇ ಗಡಿಯಾರ ಓಡೋಕೆ ಶುರು. ಇಷ್ಟು ಗಂಟೆಯೊಳಗೆ ಮುಗಿಸಬೇಕು ಅಂತ ಒಪ್ಪಂದ. ಗಡುವು ಹತ್ತಿರ ಬಂತು, ಕೆಲಸ ಆಗಿಲ್ಲ. ಆಗ 'ದಯವಿಟ್ಟು ಲಾಗ್ ಫೈಲ್ ಕಳಿಸಿ' ಅಂತ ಒಂದು ಸಾಲು ಬರೆದು ಟಿಕೆಟ್ಟನ್ನು 'ವೇಟಿಂಗ್ ಫಾರ್ ಕಸ್ಟಮರ್'ಗೆ ತಳ್ಳಿಬಿಡ್ತಾರೆ. ಗಡಿಯಾರ ನಿಂತಿತು. ತಿಂಗಳ ಕೊನೆಯ ರಿಪೋರ್ಟು ಹಸಿರೋ ಹಸಿರು.

ಆರೋಗ್ಯ ವಿಮೆಯ ಕ್ಲೇಮು ನಡೆಯೋದೂ ಹೀಗೇ. ವ್ಯತ್ಯಾಸ ಇಷ್ಟೇ, ಅಲ್ಲಿ ನಿಂತುಹೋಗೋದು ನಮ್ಮ ದುಡ್ಡು.

ನಮ್ಮವ್ವನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಇಂದಿರಾನಗರದ ಒಂದು ಆಸ್ಪತ್ರೆಯಲ್ಲಿ ಆಯಿತು. ಆಸ್ಪತ್ರೆ ಕಂಪನಿಯ ನೆಟ್‌ವರ್ಕ್ ಪಟ್ಟಿಯಲ್ಲಿರಲಿಲ್ಲ, ಹಾಗಾಗಿ ಕ್ಯಾಶ್‌ಲೆಸ್ ಇಲ್ಲ. ಕೈಯಿಂದ 1,86,400 ರೂಪಾಯಿ ಕಟ್ಟಿ, ಆಮೇಲೆ ವಾಪಸ್ ಕೇಳಬೇಕು. ಕ್ಲೇಮ್ ಫಾರ್ಮಿನ 'ಎ' ಭಾಗ ನಾನು ತುಂಬಿದೆ, 'ಬಿ' ಭಾಗಕ್ಕೆ ಆಸ್ಪತ್ರೆಯ ಸೀಲು ಹಾಕಿಸಿದೆ. ಡಿಸ್ಚಾರ್ಜ್ ಸಮ್ಮರಿ, ಬಿಡಿಬಿಡಿಯಾದ ಬಿಲ್ಲು, ರಶೀದಿ, ಸ್ಕ್ಯಾನಿಂಗ್ ರಿಪೋರ್ಟು, ಔಷಧಿ ಚೀಟಿ, ಗುರುತಿನ ಚೀಟಿ, ಕ್ಯಾನ್ಸಲ್ ಮಾಡಿದ ಚೆಕ್ಕು, ಹೀಗೆ ಅವರದೇ ಪಟ್ಟಿಯ ಪ್ರಕಾರ ಎಲ್ಲ ಜೋಡಿಸಿ ಶಿವಾಜಿನಗರದ ಕಡೆಯ ಕಚೇರಿಯಲ್ಲಿ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡೆ. ಅದು ಮೊದಲ ದಿನ ಅಂತ ಇಟ್ಟುಕೊಳ್ಳಿ.

13 ದಿನ ಆದಮೇಲೆ ಮೊದಲ ಪ್ರಶ್ನೆ ಬಂತು. ಚೆಕ್ಕಿನ ಮೇಲೆ ಹೆಸರು ಅಚ್ಚಾಗಿಲ್ಲವಂತೆ, ಪಾಸ್‌ಬುಕ್ಕಿನ ಮೊದಲ ಪುಟ ಕಳಿಸಬೇಕಂತೆ. ಎರಡು ದಿನದಲ್ಲಿ ಕಳಿಸಿದೆ. ಮತ್ತೆ 12 ದಿನ ಮೌನ. ಎರಡನೇ ಪ್ರಶ್ನೆ: ಇನ್‌ಡೋರ್ ಕೇಸ್ ಪೇಪರ್. ಅಂದ್ರೆ ರೋಗಿ ವಾರ್ಡಿನಲ್ಲಿದ್ದಾಗ ನರ್ಸು, ಡಾಕ್ಟರು ಬರೆದಿಟ್ಟ ದಿನಚರಿ. ಅದು ರೋಗಿಯ ಕೈಗೆ ಕೊಡುವ ಕಾಗದವೇ ಅಲ್ಲ, ಆಸ್ಪತ್ರೆಯ ದಾಖಲೆ ವಿಭಾಗದಲ್ಲಿರುತ್ತೆ. ಅರ್ಜಿ ಕೊಟ್ಟು, ಫೀಸು ಕಟ್ಟಿ, ಪುಟಪುಟಕ್ಕೂ ಸೀಲು ಹಾಕಿಸಿ ಕಳಿಸೋಕೆ ಆರು ದಿನ ಹಿಡಿಯಿತು. ಮತ್ತೆ 11 ದಿನ. ಮೂರನೇ ಪ್ರಶ್ನೆ: ಬಿಪಿ ಯಾವಾಗಿಂದ ಇದೆ ಅಂತ ಡಾಕ್ಟರ ಸರ್ಟಿಫಿಕೇಟು. ಪಾಲಿಸಿ ಮಾಡಿಸುವಾಗಲೇ ಬಿಪಿ ಇದೆ ಅಂತ ಬರೆದುಕೊಟ್ಟಿದ್ದೆವು. ಅದಕ್ಕಿದ್ದ ಮೂರು ವರ್ಷದ ಕಾಯುವ ಅವಧಿಯೂ ಮುಗಿದಿತ್ತು. ಆ ಉತ್ತರ ಅವರದೇ ಕಂಪ್ಯೂಟರಿನಲ್ಲಿದೆ. ಆದರೂ ವಾರಕ್ಕೆರಡೇ ದಿನ ಸಿಗುವ ಆ ಡಾಕ್ಟರನ್ನು ಹಿಡಿಯೋಕೆ ಕೆ.ಆರ್. ಪುರದಿಂದ ಮೂರು ಸಲ ಮೆಟ್ರೋ ಹತ್ತಿದೆ. ಎಂಟು ದಿನ ಹೋಯಿತು. ಅದಾಗಿ 15 ದಿನಕ್ಕೆ ದುಡ್ಡು ಬಂತು.

ಈಗ ಕೂಡಿ. ಕಂಪನಿಯ ಕೈಯಲ್ಲಿದ್ದ ದಿನ 13, 12, 11, 15, ಒಟ್ಟು 51. ನನ್ನ ಕೈಯಲ್ಲಿದ್ದದ್ದು 2, 6, 8, ಒಟ್ಟು 16. ಮನೆಯ ಕ್ಯಾಲೆಂಡರಿನಲ್ಲಿ 67 ದಿನ. ಕಂಪನಿಯ ಪತ್ರದಲ್ಲಿ ಏನಿತ್ತು ಗೊತ್ತಾ? ಕೊನೆಯ ದಾಖಲೆ ಬಂದ 15 ದಿನಕ್ಕೆ ಇತ್ಯರ್ಥ. ಸುಳ್ಳಲ್ಲ. ಅದೇ ಸಿಟ್ಟು ತರಿಸೋದು.

ಈ 'ಕೊನೆಯ ದಾಖಲೆ' ಅನ್ನೋ ಮಾತು ಎಲ್ಲಿಂದ ಬಂತು? ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2017ರಲ್ಲಿ ಪಾಲಿಸಿದಾರರ ಹಿತ ಕಾಯೋಕೆ ನಿಯಮ ಮಾಡಿತು. ಕೊನೆಯ ಅಗತ್ಯ ದಾಖಲೆ ಕೈಸೇರಿದ 30 ದಿನದೊಳಗೆ ಕ್ಲೇಮು ಮುಗಿಸಬೇಕು, ತಡವಾದರೆ ಬ್ಯಾಂಕ್ ದರಕ್ಕಿಂತ ಶೇ. 2 ಹೆಚ್ಚು ಬಡ್ಡಿ ಕೊಡಬೇಕು ಅಂತ ಅದರಲ್ಲಿತ್ತು. ಓದೋಕೆ ಚೆನ್ನಾಗಿತ್ತು. ಆದರೆ ಕೊನೆಯ ದಾಖಲೆ ಯಾವುದು ಅಂತ ಹೇಳೋರು ಯಾರು? ದುಡ್ಡು ಕೊಡಬೇಕಾದವರೇ. ಇನ್ನೊಂದು ಕಾಗದ ಕೇಳಿದರೆ ನಿನ್ನೆಯ ಕೊನೆಯ ಕಾಗದ ಇವತ್ತು ಕೊನೆಯದಲ್ಲ, ಬಡ್ಡಿಯ ಲೆಕ್ಕವೂ ಮುಂದಕ್ಕೆ ಜರುಗುತ್ತೆ. ಓಟದ ಗೆರೆಯನ್ನು ಓಡುವವನ ಕೈಗೇ ಕೊಟ್ಟಂಗೆ.

ಇದಕ್ಕೆ ಕಂಪನಿಯವರ ಉತ್ತರ ಸಿದ್ಧವಾಗಿರುತ್ತೆ: 'ಸಾರ್, ಸುಳ್ಳು ಬಿಲ್ಲುಗಳು ಬರ್ತಾವೆ, ಪರಿಶೀಲಿಸಲೇಬೇಕು.' ಒಪ್ಪಿದೆ. ಬರದ ಆಸ್ಪತ್ರೆ ಬಿಲ್ಲು ತಂದು ದುಡ್ಡು ಹೊಡೆಯುವವರು ಇದ್ದಾರೆ, ಅದರ ಹೊರೆ ನಮ್ಮ ಪ್ರೀಮಿಯಂ ಮೇಲೇ ಬೀಳೋದು. ಆದರೆ ಚೆಕ್ಕಿನ ಮೇಲೆ ಹೆಸರಿಲ್ಲ ಅನ್ನೋದು ಕವರು ಒಡೆದ ದಿನವೇ ಕಾಣುತ್ತೆ, 13 ದಿನ ಬೇಕಾಗಿಲ್ಲ. ಕೇಸ್ ಪೇಪರ್ ಬೇಕು ಅಂತಲೂ, ಬಿಪಿ ಸರ್ಟಿಫಿಕೇಟ್ ಬೇಕು ಅಂತಲೂ ಅದೇ ದಿನ ಒಟ್ಟಿಗೆ ಕೇಳಬಹುದಿತ್ತು. ಮೋಸ ಹಿಡಿಯೋರು ಎಲ್ಲ ಒಂದೇ ಸಲ ಕೇಳ್ತಾರೆ. ಒಂದೊಂದಾಗಿ ಕೇಳೋರು ಟೈಮು ಕೊಳ್ತಿದ್ದಾರೆ.

ಇನ್ನೂ ಒಂದು ಮಾತಿದೆ. 2024ರ ಮೇ 29ರಂದು ಐಆರ್‌ಡಿಎಐ ಆರೋಗ್ಯ ವಿಮೆಗೆ ಹೊಸ ಮಾಸ್ಟರ್ ಸರ್ಕ್ಯುಲರ್ ಹೊರಡಿಸಿತು. ಕ್ಲೇಮಿಗೆ ಬೇಕಾದ ದಾಖಲೆಗಳನ್ನು ಕಂಪನಿ ಅಥವಾ ಅದರ ಪರವಾಗಿ ಕ್ಲೇಮು ನೋಡುವ ಟಿಪಿಎ ಆಸ್ಪತ್ರೆಯಿಂದಲೇ ತರಿಸಿಕೊಳ್ಳಬೇಕು, ಪಾಲಿಸಿದಾರನನ್ನು ಓಡಾಡಿಸಬಾರದು ಅಂತ ಅದರಲ್ಲಿದೆ. ನನ್ನ ಕ್ಲೇಮು ಅದಾದ ಮೇಲಿನದು. ಕಾಲ್ ಸೆಂಟರಿನ ಹುಡುಗಿಗೆ ಈ ಸರ್ಕ್ಯುಲರ್ ಹೇಳಿದರೆ 'ಸಾರ್, ಸಿಸ್ಟಮ್‌ನಲ್ಲಿ ಡಾಕ್ಯುಮೆಂಟ್ ಪೆಂಡಿಂಗ್ ಅಂತ ತೋರಿಸ್ತಿದೆ' ಅಂದಳು. ಅವಳನ್ನು ಬೈದು ಪ್ರಯೋಜನವಿಲ್ಲ, ಅವಳ ಪರದೆಯ ಮೇಲೆ ಇರೋದೇ ಅಷ್ಟು.

ದುಡ್ಡು ಹೊರಟಿದ್ದು ನಾನು ಫೋನು ಬಿಟ್ಟು ಮೇಲ್ ಹಿಡಿದ ಮೇಲೆ. ಮೂರನೇ ಉತ್ತರದ ಜೊತೆ ಕಂಪನಿಯ ದೂರು ಅಧಿಕಾರಿಗೆ ಮೂರೇ ವಿಷಯ ಬರೆದೆ: ಯಾವ ದಿನ ಏನು ಕೇಳಿದಿರಿ, ಯಾವ ದಿನ ಕೊಟ್ಟೆ ಅನ್ನೋ ಪಟ್ಟಿ, ಇದೇ ಕೊನೆಯ ಕಾಗದವೇ, ಹೌದು-ಅಲ್ಲ ಅಂತ ಬರೆದು ತಿಳಿಸಿ, ಮೇ 29ರ ಸರ್ಕ್ಯುಲರ್ ಪ್ರಕಾರ ಇನ್ನೇನಾದರೂ ಬೇಕಿದ್ದರೆ ಆಸ್ಪತ್ರೆಯನ್ನೇ ಕೇಳಿ. ನಾಲ್ಕನೇ ಪ್ರಶ್ನೆ ಬರಲೇ ಇಲ್ಲ. ಇದಕ್ಕೂ ಜಗ್ಗದಿದ್ದರೆ ಪ್ರಾಧಿಕಾರದ 'ಬಿಮಾ ಭರೋಸಾ' ಪೋರ್ಟಲ್ ಇದೆ. ಕಂಪನಿ ದೂರನ್ನು ತಳ್ಳಿಹಾಕಿದರೆ, ಇಲ್ಲವೇ ಒಂದು ತಿಂಗಳು ಸುಮ್ಮನಿದ್ದರೆ, ವಿಮಾ ಆಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ, ಫೀಸಿಲ್ಲ, ವಕೀಲರು ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು ಅಷ್ಟೆ.

ಇಷ್ಟೆಲ್ಲ ನನಗೆ ಸಾಧ್ಯವಾಗಿದ್ದು ಇಂಗ್ಲಿಷ್ ಮೇಲ್ ಬರೆಯೋಕೆ ಬರುತ್ತೆ, ಮನೆಯಿಂದ ಕೆಲಸ ಮಾಡ್ತೀನಿ ಅನ್ನೋ ಕಾರಣಕ್ಕೆ. ನಮ್ಮೂರಿನಲ್ಲಿ ಒಬ್ಬರಿಗೆ ಇದೇ ಪ್ರಶ್ನೆ ಬಂದಿದ್ದರೆ ಆ ಕೇಸ್ ಪೇಪರಿಗಾಗಿ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಕಳೆದುಕೊಂಡು ಬೆಂಗಳೂರಿಗೆ ಬರಬೇಕು. ಎರಡನೇ ಸಲ ಕೇಳಿದಾಗ ಕೈಬಿಡ್ತಾರೆ. 'ದಾಖಲೆ ಬಾರದ ಕಾರಣ ಮುಕ್ತಾಯ' ಅಂತ ಫೈಲು ಮುಚ್ಚುತ್ತೆ. ಅವ್ವ ಕೇಳಿದ್ದು ಸರಿಯಾಗೇ ಇತ್ತು: "ಕಂತು ಕಟ್ಟಿಸ್ಕೊಳ್ಳುವಾಗ ಇಷ್ಟು ಕಾಗ್ದ ಕೇಳಿದ್ರೇನಪ್ಪಾ?"

ಹಾಗಾಗಿ ಪ್ರಾಧಿಕಾರ ಮಾಡಬೇಕಾದ್ದು ದೊಡ್ಡದೇನಲ್ಲ. ಗಡಿಯಾರ ಮೊದಲ ಕಾಗದ ಕೊಟ್ಟ ದಿನವೇ ಶುರುವಾಗಲಿ. ಕಾಗದ ನಮ್ಮ ಹತ್ತಿರ ಇದ್ದ ದಿನಗಳನ್ನು ಬೇಕಾದರೆ ಕಳೆಯಲಿ, ನನ್ನ ಲೆಕ್ಕದಲ್ಲಿ 16 ಕಳೆದು 51 ಉಳಿಯುತ್ತೆ. ಎಲ್ಲ ಪ್ರಶ್ನೆಗೂ ಒಂದೇ ಪತ್ರ. ಪ್ರತಿ ಕಂಪನಿಯೂ ಒಂದು ಕ್ಲೇಮಿಗೆ ಸರಾಸರಿ ಎಷ್ಟು ಸಲ ಕಾಗದ ಕೇಳಿತು ಅನ್ನೋದನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ. ಮುಂದಿನ ಸಲ ಪಾಲಿಸಿ ನವೀಕರಿಸುವಾಗ ನಾವು ನೋಡೋದು ಆ ಅಂಕಿಯನ್ನೇ.