21 ಅಂದ್ರ 21 ಅಲ್ಲ, ಲೆಕ್ಕ ಹಾಕಿ ನೋಡ್ರಿ (ಸಂಪಾದಕರಿಗೆ ಬರೆದ ಪತ್ರ, ನಾಲ್ಕು ಪೋಸ್ಟ್)

ಪೋಸ್ಟ್ 1/4

ಪೇಪರಿನ ಸಂಪಾದಕರಿಗೆ ಒಂದು ಪತ್ರ ಕಳಿಸೀನಿ. ಓದುಗರ ಪತ್ರದ ಕಾಲಂನಾಗ ಎಂಟು ಸಾಲು ಬಂದ್ರ ದೊಡ್ಡದು, ಅದಕ್ಕ ಪೂರ್ತಿ ಪತ್ರ ಇಲ್ಲಿ ಹಾಕಾಕತ್ತೀನಿ. ಒಂದೇ ಕ್ಯಾಪ್ಶನ್‌ನಾಗ ಹಿಡಿಯಂಗಿಲ್ಲ, ಹಂಗಾಗಿ ನಾಲ್ಕು ಭಾಗ. ಪೂರ್ತಿ ಓದಿ ಆಮೇಲೆ ಬೈರಿ.

ಮಾನ್ಯ ಸಂಪಾದಕರೇ,

ನಾನು ಕಲ್ಲೂರಿನ ಬಿಕಾಂ ವಿದ್ಯಾರ್ಥಿ, ವಯಸ್ಸು 20. ಚುನಾವಣೆಗೆ ನಿಲ್ಲುವ ಕನಿಷ್ಠ ವಯಸ್ಸನ್ನು ಇಳಿಸಬೇಕು ಅಂತ ಕೇಳೋದಕ್ಕೆ ಈ ಪತ್ರ. 18 ತುಂಬಿದರೆ ಓಟು ಹಾಕಬಹುದು. ಆದರೆ ಗ್ರಾಮ ಪಂಚಾಯಿತಿಗೆ ನಿಲ್ಲಬೇಕಂದರೆ 21 ಆಗಿರಬೇಕು, ವಿಧಾನಸಭೆಗೂ ಲೋಕಸಭೆಗೂ 25. ಮೂರು ವರ್ಷ, ಏಳು ವರ್ಷ ಕಾದರೆ ಏನಾಗುತ್ತೆ ಅಂತ ಎಲ್ಲರೂ ಕೇಳ್ತಾರೆ. ಕಾಯೋದು ಅಷ್ಟೇ ವರ್ಷ ಅಲ್ಲ ಅನ್ನೋದೇ ನನ್ನ ಮಾತು.

ಎಲೆಕ್ಷನ್ ನಮ್ಮ ಹುಟ್ಟುಹಬ್ಬ ನೋಡಿಕೊಂಡು ಬರಲ್ಲ, ಐದು ವರ್ಷಕ್ಕೊಮ್ಮೆ ಬರುತ್ತೆ. ನಾನು ಹುಟ್ಟಿದ್ದು 2005ರ ಜುಲೈ. ನಮ್ಮ ರಾಜ್ಯದಲ್ಲಿ ಹಿಂದಿನ ಗ್ರಾಮ ಪಂಚಾಯಿತಿ ಚುನಾವಣೆ ಆಗಿದ್ದು 2020ರ ಡಿಸೆಂಬರ್‌ನಲ್ಲಿ. ಮುಂದಿನದು ಐದು ವರ್ಷಕ್ಕೆ ಸರಿಯಾಗಿ 2025ರ ಡಿಸೆಂಬರ್‌ನಲ್ಲೇ ಆದರೆ ನನಗೆ ಆಗ 20 ವರ್ಷ 5 ತಿಂಗಳು. ಏಳು ತಿಂಗಳು ಕಡಿಮೆ. ಅದರ ಮುಂದಿನದು 2030ಕ್ಕೆ, ಆಗ ನನಗೆ 25. ಅಂದರೆ ಕಾನೂನಿನಲ್ಲಿ 21 ಅಂತ ಬರೆದಿದ್ದರೂ ನನ್ನ ಪಾಲಿಗೆ ಅದು 25.

ವಿಧಾನಸಭೆಯದೂ ಹಂಗೇ. ಹಿಂದಿನದು 2023ರ ಮೇ, ಅವಧಿ ಪೂರ್ತಿ ಆದರೆ ಮುಂದಿನದು 2028. ಆಗ ನನಗೆ 22, ನಿಲ್ಲೋಹಂಗಿಲ್ಲ. ಮತ್ತೆ 2033ಕ್ಕೆ, ಆಗ 27. ಲೋಕಸಭೆಗೆ 2034ರಲ್ಲಿ, 28ಕ್ಕೆ.

(ನಿಮ್ಮ ಹುಟ್ಟಿದ ತಾರೀಖು ಹಾಕಿ ಇದೇ ಲೆಕ್ಕ ಮಾಡಿ ನೋಡ್ರಿ. 21 ಅನ್ನೋದು ಒಬ್ಬರಿಗೆ ಬರೋಬ್ಬರಿ 21, ಇನ್ನೊಬ್ಬರಿಗೆ 25 ದಾಟಿರತೈತಿ.)

ಪೋಸ್ಟ್ 2/4

ಇದು ಬರೀ ಕಾಗದದ ಲೆಕ್ಕ ಅಲ್ಲ. 2020ರಲ್ಲಿ ಕೇರಳದ ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಪಂಚಾಯಿತಿಗೆ ರೇಷ್ಮಾ ಮರಿಯಂ ರಾಯ್ ಅನ್ನೋರು ನಿಂತರು. ನಾಮಪತ್ರಕ್ಕೆ ಕೊನೇ ದಿನ ನವೆಂಬರ್ 19. ಅವರಿಗೆ 21 ತುಂಬಿದ್ದು ನವೆಂಬರ್ 18ಕ್ಕೆ! ಮರುದಿನ ನಾಮಪತ್ರ ಕೊಟ್ಟರು, ಗೆದ್ದರು, ಪಂಚಾಯಿತಿ ಅಧ್ಯಕ್ಷೆಯೂ ಆದರು.

ಅವರ ಹುಟ್ಟುಹಬ್ಬ ಮುಂದಿನ ವಾರ ಇದ್ದಿದ್ದರೆ? ಅದೇ ಹುಡುಗಿ, ಅದೇ ತಿಳಿವಳಿಕೆ, ಅದೇ ಊರು. ಆದರೂ ಐದು ವರ್ಷ ಕಾಯಬೇಕಿತ್ತು. ಒಂದು ವಾರದಲ್ಲಿ ಯಾರ ಬುದ್ಧಿಯೂ ಬೆಳೆಯಲ್ಲ.

ಎಲೆಕ್ಷನ್ ತಡ ಆದರೆ ಲೆಕ್ಕ ಇನ್ನೂ ತಲೆಕೆಳಗಾಗುತ್ತೆ. ಪಂಚಾಯಿತಿ ಚುನಾವಣೆ 2026ರ ಜುಲೈ ದಾಟಿದರೆ ನನಗೆ ಲಾಭ, ನಿಲ್ಲಬಹುದು. ಸರಕಾರದ ತಡ ನನ್ನ ಅರ್ಹತೆ ಆಗೋದು ಯಾವ ನ್ಯಾಯ? ನಮ್ಮಲ್ಲಿ ಜಿಲ್ಲಾ, ತಾಲೂಕು ಪಂಚಾಯಿತಿ ಚುನಾವಣೆ ಕೊನೇ ಸಲ ಆಗಿದ್ದು 2016ರಲ್ಲಿ. ಆಗ ಮೊದಲ ಸಲ ಓಟು ಹಾಕಿದ 18ರ ಹುಡುಗನಿಗೆ ಈಗ 27 ದಾಟಿದೆ.

ಪೋಸ್ಟ್ 3/4

"18ಕ್ಕೆ ಪ್ರಬುದ್ಧತೆ ಇರಲ್ಲ." ಇದು ದೊಡ್ಡ ಆಕ್ಷೇಪ. 2023ರ ಆಗಸ್ಟ್‌ನಲ್ಲಿ ಸುಶೀಲ್ ಕುಮಾರ್ ಮೋದಿ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ ವಿಧಾನಸಭೆ, ಲೋಕಸಭೆಗೆ ನಿಲ್ಲುವ ವಯಸ್ಸನ್ನು ಇಳಿಸಿ ಅಂತ ಶಿಫಾರಸು ಮಾಡಿತು. ಚುನಾವಣಾ ಆಯೋಗ ಒಪ್ಪಲಿಲ್ಲ. 18ರವರಿಂದ ಅಂಥ ಅನುಭವ, ಪ್ರಬುದ್ಧತೆ ನಿರೀಕ್ಷಿಸೋದು ವಾಸ್ತವ ಅಲ್ಲ ಅನ್ನೋದು ಆಯೋಗದ ನಿಲುವು.

ಈ ಮಾತನ್ನು ನಾನು ತಳ್ಳಿಹಾಕಲ್ಲ. ವಿಧಾನಸಭೆ ಅಂದರೆ ಕಾನೂನು ಮಾಡೋ ಜಾಗ. ಅದಕ್ಕೇ ನಾನು ಎಲ್ಲದಕ್ಕೂ 18 ಕೇಳ್ತಿಲ್ಲ. ಗ್ರಾಮ ಪಂಚಾಯಿತಿ ಸದಸ್ಯ ಸ್ಥಾನಕ್ಕೆ 18, ವಿಧಾನಸಭೆ ಮತ್ತು ಲೋಕಸಭೆಗೆ 21. ಇಷ್ಟೇ.

ಪಂಚಾಯಿತಿಗೆ ಯಾಕೆ 18 ಸಾಕು? ನಮ್ಮಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಪಕ್ಷದ ಚಿಹ್ನೆ ಇಲ್ಲ. ಓಟು ಹಾಕುವವರು ಅಭ್ಯರ್ಥಿಯನ್ನು ಸಣ್ಣವರಿದ್ದಾಗಿನಿಂದ ನೋಡಿದವರು. ಅವನು ಜವಾಬ್ದಾರಿ ಇರೋನೋ, ಬರೀ ಬೈಕ್ ಓಡಿಸಿಕೊಂಡು ತಿರುಗೋನೋ ಅಂತ ಓಣಿಯ ಅಜ್ಜಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲ್ಲ. ಪ್ರಬುದ್ಧತೆಯ ಪರೀಕ್ಷೆ ಅವರೇ ಮಾಡಲಿ.

ಇನ್ನು ದುಡ್ಡಿನ ಭಯ. ಸದಸ್ಯ ಒಬ್ಬನೇ ಒಂದು ರೂಪಾಯಿಯನ್ನೂ ತೆಗೆಯೋಕಾಗಲ್ಲ. ಕೆಲಸಗಳಿಗೆ ಸಭೆಯ ಒಪ್ಪಿಗೆ ಬೇಕು, ಚೆಕ್‌ಗೆ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಸಹಿಯೂ ಬೇಕು. ಇಷ್ಟಾದರೂ ಅನುಮಾನ ಇದ್ದರೆ ಅಧ್ಯಕ್ಷ ಸ್ಥಾನಕ್ಕೆ 21 ಅಂತಲೇ ಉಳಿಸಿಕೊಳ್ಳಲಿ, ನನ್ನ ತಕರಾರಿಲ್ಲ.

ಪೋಸ್ಟ್ 4/4

ಎರಡನೇ ಆಕ್ಷೇಪ ನಮ್ಮ ಕ್ಲಾಸಿನವರದ್ದೇ: "ವಯಸ್ಸು ಇಳಿಸಿದರೆ ರಾಜಕಾರಣಿಗಳ ಮಕ್ಕಳು ಇನ್ನೂ ಬೇಗ ಬರ್ತಾರೆ ಅಷ್ಟೇ." ಇದರಲ್ಲಿ ಸತ್ಯ ಇದೆ. 2024ರಲ್ಲಿ ಬೀದರ್‌ನಿಂದ 26ರ ಸಾಗರ್ ಖಂಡ್ರೆ ಸಂಸದರಾದರು, ಅವರ ತಂದೆ ಮಂತ್ರಿ. ಚಿಕ್ಕೋಡಿಯಿಂದ 27ರ ಪ್ರಿಯಾಂಕಾ ಜಾರಕಿಹೊಳಿ ಗೆದ್ದರು, ಅವರ ತಂದೆಯೂ ಮಂತ್ರಿ. ಜನ ಆರಿಸಿದ್ದಾರೆ, ಅದರಲ್ಲಿ ತಪ್ಪಿಲ್ಲ.

ಆದರೆ ಗಮನಿಸಿ, ಇದು 25ರ ನಿಯಮ ಇದ್ದಾಗಲೇ ಆಗಿದ್ದು. ಆ ನಿಯಮ ಮನೆತನ ಇದ್ದವರನ್ನು ತಡೆಯಲಿಲ್ಲ. ಹೆಸರು ಇದ್ದವರಿಗೆ ಐದು ವರ್ಷ ಕಾಯೋದು ಕಷ್ಟ ಅಲ್ಲ, ಅಲ್ಲಿತನಕ ಅಪ್ಪನ ಜೊತೆ ಪ್ರಚಾರಕ್ಕೆ ಓಡಾಡಬಹುದು. ನಮ್ಮಂಥವರಿಗೆ ಆ ಐದು ವರ್ಷದಲ್ಲಿ ಡಿಗ್ರಿ ಮುಗಿಯುತ್ತೆ, ಬೆಂಗಳೂರಿನಲ್ಲೋ ಹೈದರಾಬಾದ್‌ನಲ್ಲೋ ಕೆಲಸ ಹುಡುಕಬೇಕಾಗುತ್ತೆ, ಓಟರ್ ಲಿಸ್ಟಿನ ವಿಳಾಸ ಬದಲಾಗುತ್ತೆ. ಪಂಚಾಯಿತಿಗೆ ನಿಲ್ಲಬೇಕಂದರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲೇ ಹೆಸರು ಇರಬೇಕು. ಊರಲ್ಲಿ ಇದ್ದಾಗ ವಯಸ್ಸಿಲ್ಲ, ವಯಸ್ಸಾದಾಗ ಊರಲ್ಲಿಲ್ಲ. ನಷ್ಟ ನಮ್ಮೊಬ್ಬರದ್ದೇ ಅಲ್ಲ, ಊರಿನದ್ದೂ ಹೌದು.

ವಿಧಾನಸಭೆಗೆ 21 ಮಾಡಿದ ಕೂಡಲೇ ನಮ್ಮಂಥವರು ಗೆದ್ದುಬಿಡ್ತಾರೆ ಅಂತ ನಾನು ಹೇಳಲ್ಲ. ಅಲ್ಲಿ ಠೇವಣಿಯೇ 10,000, ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. ಆ ಗೋಡೆ ವಯಸ್ಸು ಇಳಿಸಿದರೆ ಬೀಳಲ್ಲ. ಆದರೆ ಪಂಚಾಯಿತಿಯಲ್ಲಿ ಬೀಳುತ್ತೆ. ಅಲ್ಲಿ ಐದು ವರ್ಷ ದುಡಿದು ಹೆಸರು ಮಾಡಿದವರಿಗೆ ಮುಂದಿನ ಮೆಟ್ಟಿಲಾದರೂ ಕಾಣುತ್ತೆ.

ಇದನ್ನು ಬೆಂಗಳೂರಿನಲ್ಲಿ ಮಾಡೋಕಾಗಲ್ಲ. ಪಂಚಾಯಿತಿಯ 21 ಇರೋದು ಸಂವಿಧಾನದ 243ಎಫ್ ವಿಧಿಯಲ್ಲಿ, ವಿಧಾನಸಭೆಯ 25 ಇರೋದು 173ರಲ್ಲಿ, ಲೋಕಸಭೆಯದು 84ರಲ್ಲಿ. ಮೂರಕ್ಕೂ ಸಂಸತ್ತೇ ತಿದ್ದುಪಡಿ ತರಬೇಕು. ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದೂ ಹೀಗೇ, 61ನೇ ತಿದ್ದುಪಡಿಯಿಂದ, 1989ರಲ್ಲಿ. ಅದಕ್ಕೂ ಮೊದಲೇ ಕೆಲವು ರಾಜ್ಯಗಳು ಸ್ಥಳೀಯ ಚುನಾವಣೆಯಲ್ಲಿ 18ರವರಿಗೆ ಓಟು ಕೊಟ್ಟಿದ್ದವು. ಮೊದಲು ಊರು, ಆಮೇಲೆ ದೆಹಲಿ. ನಿಲ್ಲುವ ಹಕ್ಕೂ ಅದೇ ದಾರಿಯಲ್ಲಿ ಬರಲಿ.

ಇಂತಿ,
ಒಬ್ಬ ಬಿಕಾಂ ವಿದ್ಯಾರ್ಥಿ, ಕಲ್ಲೂರು

ಪತ್ರ ಮುಗೀತು. ಈಗ ನಿಮ್ಮ ಪಾಳಿ. ಕಾಮೆಂಟಿನಾಗ ಬರೀ "ಸೂಪರ್" ಅನಬ್ಯಾಡ್ರಿ. ನಿಮಗ 21 ಅನ್ನೋದು ಖರೇನ ಎಷ್ಟಕ್ಕ ಬರತೈತಿ, ಆ ಹೊತ್ತಿಗೆ ನೀವು ಯಾವ ಊರಾಗ ಇರ್ತೀರಿ, ಎರಡೇ ಮಾತು ಬರೀರಿ. ಅವನ್ನೆಲ್ಲಾ ಕೂಡಿಸಿ ನಮ್ಮ ಸಂಸದರಿಗೆ ಕಳಿಸೋಣು.

#ಕಲ್ಲೂರು #ರಾಯಚೂರು