38 ಅಂದರೆ 38 ಅಲ್ಲ

ಬೇಲೂರು–ಹಳೇಬೀಡು ರಸ್ತೆಯಲ್ಲಿ ಕಾರು ಸ್ಟಾರ್ಟ್ ಆಗದೆ ನಿಂತಾಗ ಅರಸೀಕೆರೆಯ ಬ್ಯಾಟರಿ ಅಂಗಡಿಗೆ ಫೋನ್ ಮಾಡಿದರೆ, ಅವರು ಮೊದಲು ಕೇಳುವುದು ಬ್ಯಾಟರಿಯ ಫೋಟೊ. ಧೂಳು ಒರೆಸಿ, ನೇರ ಮೇಲಿನಿಂದ ತೆಗೆಯಿರಿ. ಕಂಪನಿಯ ಹೆಸರು ದೊಡ್ಡಕ್ಷರದಲ್ಲೇ ಇರುತ್ತದೆ. ಜನ ಎಡವುವುದು 38B20L ಎಂಬಂಥ ಸಂಕೇತದಲ್ಲಿ. 38 ಕಂಡ ಕೂಡಲೇ 38 ಆಂಪಿಯರ್-ಅವರ್ ಅಂದುಬಿಡುತ್ತಾರೆ. ಅದು ಬ್ಯಾಟರಿಯ ಕಸುವಿನ ದರ್ಜೆಯಷ್ಟೇ. ನಿಜವಾದ ಸಾಮರ್ಥ್ಯ ಸಾಮಾನ್ಯವಾಗಿ 35Ah, ಅದನ್ನು ಬೇರೆಯಾಗಿ ಅಚ್ಚು ಹಾಕಿರುತ್ತಾರೆ. B ಅಗಲ-ಎತ್ತರದ ಗುಂಪು, 20 ಸುಮಾರು ಉದ್ದ, ಸೆಂಟಿಮೀಟರಿನಲ್ಲಿ. ಕೊನೆಯ L ಪ್ಲಸ್ ಟರ್ಮಿನಲ್ ಯಾವ ಕಡೆ ಎಂದು ಹೇಳುತ್ತದೆ. L ಬದಲು R ತಂದರೆ ಕೇಬಲ್ಲೇ ಎಟುಕದಿರಬಹುದು. ತಯಾರಾದ ತಿಂಗಳು-ವರ್ಷವನ್ನು ಕೆಲವರು ನೇರವಾಗಿ, ಕೆಲವರು ಸಂಕೇತದಲ್ಲಿ ಒತ್ತಿರುತ್ತಾರೆ. ವಾರಂಟಿ ಸ್ಟಿಕ್ಕರಿನ ಮೇಲೆ ಅಂಗಡಿಯವರು ಗುರುತು ಹಾಕಿದ ತಾರೀಕು ಮಾರಾಟದ್ದು, ತಯಾರಿಕೆಯದಲ್ಲ.