12 ಸೀಟು, 29 ಟಿಕೆಟ್

ಕೊನೆಯ ವರ್ಷದ ಫೆಸ್ಟ್‌ನಲ್ಲಿ ಸಂಗೀತ ಸಂಜೆಗೆ ಟಿಕೆಟ್ ಮಾರುವ ವೆಬ್‌ಸೈಟ್ ಮಾಡಿದ್ದು ನಾನು ಮತ್ತು ನನ್ನ ಇಬ್ಬರು ಗೆಳೆಯರು. ಸಭಾಂಗಣದಲ್ಲಿದ್ದದ್ದು 400 ಕುರ್ಚಿ. ನಾವು ಮಾರಿದ್ದು 417 ಟಿಕೆಟ್. ಹೆಚ್ಚಾದ 17 ಮಂದಿ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತಾಗ ಉತ್ತರ ಕೊಡಬೇಕಾದವನು ನಾನೇ.

ಆದದ್ದಿಷ್ಟು. ಲಿಂಕ್ ವಾಟ್ಸ್‌ಆ್ಯಪ್‌ಗೆ ಬಿದ್ದ ಕೂಡಲೇ ಎಲ್ಲರೂ ಮುಗಿಬೀಳುತ್ತಾರೆ, ಡೇಟಾಬೇಸ್ ತಡೆಯದು ಎಂದು ಉಳಿದ ಸೀಟುಗಳ ಸಂಖ್ಯೆಯನ್ನು ಕ್ಯಾಶ್‌ನಲ್ಲಿ ಇಟ್ಟಿದ್ದೆವು. ನಗದು ಅಲ್ಲ, ಬೇಗ ಕೈಗೆ ಸಿಗಲೆಂದು ಪಕ್ಕದಲ್ಲಿಟ್ಟುಕೊಳ್ಳುವ ನಕಲು ಪ್ರತಿ. ಅದು 30 ಸೆಕೆಂಡಿಗೊಮ್ಮೆ ಹೊಸದಾಗುತ್ತಿತ್ತು. ಕೊನೆಯ ಸಲ ಅದರಲ್ಲಿದ್ದದ್ದು 12. ಮುಂದಿನ 30 ಸೆಕೆಂಡಿನಲ್ಲಿ ಬಂದ 29 ಮಂದಿಗೂ ನಮ್ಮ ಕೋಡ್ ‘12 ಇದೆ, ತಗೊಳ್ಳಿ’ ಎಂದಿತು.

‘ಒಂದು ಕ್ಯೂ ಹಾಕಿದ್ರೆ ಆಗ್ತಿತ್ತು ಕಣೋ’ ಎಂದ ಗೆಳೆಯ. ಇಂಟರ್‌ವ್ಯೂಗಳಲ್ಲೂ ನಾವೆಲ್ಲ ಹೇಳುವುದು ಇದನ್ನೇ. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಹಾಕಿ ನೋಡಿದೆವು. ಸಾಲಿನಿಂದ ಕೋರಿಕೆ ಎತ್ತಿಕೊಳ್ಳುವ ವರ್ಕರ್‌ಗಳು ನಾಲ್ಕಿದ್ದವು. ಈ ಸಲ ಕ್ಯಾಶ್ ಬಿಟ್ಟು ಡೇಟಾಬೇಸನ್ನೇ ಓದಿದರೂ ಕೊನೆಯ ಸೀಟನ್ನು ಎರಡು ವರ್ಕರ್‌ಗಳು ಒಟ್ಟಿಗೆ ನೋಡಿ, ಎರಡೂ ಮಾರಿದವು. ನೋಡುವುದು ಒಂದು ಹೆಜ್ಜೆ, ಕಳೆಯುವುದು ಇನ್ನೊಂದು ಹೆಜ್ಜೆ ಆಗಿರುವವರೆಗೂ ನಡುವೆ ಇನ್ನೊಬ್ಬ ನುಸುಳುತ್ತಾನೆ. ಎರಡನ್ನೂ ಒಂದೇ ಆಜ್ಞೆ ಮಾಡಿದಾಗಷ್ಟೇ ಲೆಕ್ಕ ಸರಿಹೋಯಿತು:

```
UPDATE events SET seats_left = seats_left - 1
WHERE id = 7 AND seats_left > 0;
```

ಒಂದು ಸಾಲು ಬದಲಾಯಿತು ಎಂದು ಡೇಟಾಬೇಸ್ ಹೇಳಿದರೆ ಸೀಟು ನಿಮ್ಮದು, ಸೊನ್ನೆ ಎಂದರೆ ಮುಗಿಯಿತು. ಒಬ್ಬರ ಆಜ್ಞೆ ಮುಗಿಯುವವರೆಗೆ ಆ ಸಾಲಿಗೆ ಬೀಗ ಬಿದ್ದಿರುತ್ತದೆ, ಉಳಿದವರು ಕಾಯುತ್ತಾರೆ. ಸಾವಿರಾರು ಮಂದಿ ಹೀಗೆ ಒಂದೇ ಬೀಗದ ಮುಂದೆ ನಿಂತರೆ ಡೇಟಾಬೇಸ್‌ನ ಕನೆಕ್ಷನ್‌ಗಳೆಲ್ಲ ಖಾಲಿಯಾಗಿ ಸೈಟೇ ನಿಂತುಹೋಗುತ್ತದೆ. ಕ್ಯೂ ಬೇಕಾಗುವುದು ಅಲ್ಲಿ, ನೂಕುನುಗ್ಗಲನ್ನು ಹೊರಗೇ ನಿಲ್ಲಿಸಿ ಕೆಲವರನ್ನಷ್ಟೇ ಒಳಗೆ ಬಿಡಲು. ಕ್ಯಾಶ್ ಇರಲಿ, ಪುಟದಲ್ಲಿ ‘ಸುಮಾರು ಇಷ್ಟು ಉಳಿದಿದೆ’ ಎಂದು ತೋರಿಸಲು. ಸೀಟು ಕೊಡುವ ಅಧಿಕಾರ ಮಾತ್ರ ಅದಕ್ಕೆ ಬೇಡ.

ಕ್ಯೂಗೂ ಒಂದು ಚಾಳಿಯಿದೆ. ವರ್ಕರ್ ನಡುವೆ ಸತ್ತರೆ ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತದೆ, ಒಬ್ಬನಿಗೇ ಎರಡು ಸೀಟು ಕಳೆಯುತ್ತದೆ. ಹಾಗಾಗಿ ಪ್ರತಿ ಕೋರಿಕೆಗೂ ಒಂದು ನಂಬರ್ ಕೊಟ್ಟು, ಸೀಟು ಕಳೆಯುವಾಗಲೇ ಅದನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆದಿಟ್ಟೆವು. ಅದೇ ನಂಬರ್ ಮತ್ತೆ ಬಂದರೆ ಡೇಟಾಬೇಸ್ ತಿರಸ್ಕರಿಸುತ್ತದೆ.

ಹಣ ಕಟ್ಟಲು 10 ನಿಮಿಷ ಸೀಟು ಹಿಡಿದಿಡುತ್ತೇವೆ, ಕಟ್ಟದಿದ್ದರೆ ವಾಪಸ್ ಸೇರಿಸುತ್ತೇವೆ. 11ನೇ ನಿಮಿಷಕ್ಕೆ ಯುಪಿಐ ಹಣ ಬಂದು, ಅಷ್ಟರಲ್ಲಿ ಸೀಟು ಬೇರೆಯವರ ಪಾಲಾಗಿದ್ದರೆ? ಹಣ ಹಿಂದಿರುಗಿಸುವುದೊಂದೇ ದಾರಿ. ಬೈಗುಳ ಆಗಲೂ ಬೀಳುತ್ತದೆ, ಆದರೆ ಸಭಾಂಗಣದ ಬಾಗಿಲಲ್ಲಲ್ಲ.